ಲಕೋಟೆ ಒಡೆದು ತೋರಿಸಿ: ಗೆಳೆಯನಿಗೆ ‘ಮೆಥಡ್ಸ್’ ವಿವರಿಸುವ ಆರು ಸೂತ್ರಗಳು

ರಿಸಲ್ಟ್ಸ್ ಹೇಳುವವರೆಗೆ ಕಾಮರ್ಸ್ ಗೆಳೆಯ ತಲೆಯಾಡಿಸುತ್ತಾನೆ. ಮೆಥಡ್ಸ್‌ಗೆ ಬಂದಿರಿ ಅಂದರೆ ಮೊಬೈಲ್ ತೆಗೆಯುತ್ತಾನೆ. ತಪ್ಪು ಅವನದಲ್ಲ. ಇಷ್ಟು ಜನರನ್ನು ತೆಗೆದುಕೊಂಡರು, ಇಷ್ಟು ಗ್ರಾಂ ಕೊಟ್ಟರು, ಹೀಗೆ ಅಳೆದರು ಅಂತ ನೀವು ಅಡುಗೆ ಪುಸ್ತಕದ ಹಾಗೆ ಓದಿದಿರಿ. ಮೆಥಡ್ಸ್‌ನ ಒಂದೊಂದು ಸಾಲೂ ಒಂದೊಂದು ಬೀಗ. ಕಳ್ಳ ಯಾರು ಅಂತ ಹೇಳದೆ ಬೀಗ ತೋರಿಸಿದರೆ ಯಾರು ನೋಡುತ್ತಾರೆ?

ಪ್ರಾಕ್ಟೀಸ್‌ಗೆ ಒಂದು ಹಳೇ ಪೇಪರ್ ಹಿಡಿಯಿರಿ. 1948ರ ಅಕ್ಟೋಬರ್ 30ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು. ಸ್ಟ್ರೆಪ್ಟೋಮೈಸಿನ್ ಎಂಬ ಹೊಸ ಔಷಧಿ ಶ್ವಾಸಕೋಶದ ಟಿಬಿಗೆ ಕೆಲಸ ಮಾಡುತ್ತದೆಯೇ ಅಂತ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಮಾಡಿದ ಪರೀಕ್ಷೆ. ಇವತ್ತಿನ ಕ್ಲಿನಿಕಲ್ ಟ್ರಯಲ್‌ಗಳೆಲ್ಲ ಇದರ ಮೊಮ್ಮಕ್ಕಳು. ಇದನ್ನು ವಿವರಿಸಲು ಕಲಿತರೆ ನಿಮ್ಮ ಸೆಮಿನಾರ್ ಪೇಪರ್ ಹತ್ತು ನಿಮಿಷದ ಕೆಲಸ.

1. ಪ್ರಶ್ನೆ ಮೊದಲು, ವಿಧಾನ ಆಮೇಲೆ.

ಒಂದೇ ವಾಕ್ಯದಲ್ಲಿ ಹೇಳಿ: “ಮಲಗಿ ವಿಶ್ರಾಂತಿ ತೆಗೆದುಕೊಂಡ ರೋಗಿಗಿಂತ, ವಿಶ್ರಾಂತಿಯ ಜೊತೆ ಈ ಇಂಜೆಕ್ಷನ್‌ನೂ ತೆಗೆದುಕೊಂಡ ರೋಗಿ ಚೆನ್ನಾಗಿ ಗುಣವಾಗುತ್ತಾನಾ?” ಆಗ ಹೋಲಿಕೆ ಯಾರ ಜೊತೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಕಂಟ್ರೋಲ್ ಗ್ರೂಪ್ ಅನ್ನುವ ಮಾತನ್ನು ಇನ್ನೂ ಬಾಯಿಗೆ ತರಬೇಡಿ.

2. ಗೇಟ್ ಎಲ್ಲಿದೆ ತೋರಿಸಿ.

ಯಾರನ್ನು ಒಳಗೆ ಬಿಟ್ಟರು? ವಯಸ್ಸು 15ರಿಂದ 25, ಆಮೇಲೆ ಅದನ್ನು 30ಕ್ಕೆ ಏರಿಸಿದರು. ರೋಗ ಎರಡೂ ಶ್ವಾಸಕೋಶಗಳಲ್ಲಿರಬೇಕು, ಇತ್ತೀಚೆಗೆ ಶುರುವಾಗಿ ಜೋರಾಗಿ ಹಬ್ಬುತ್ತಿರಬೇಕು, ರೋಗಾಣು ಇರುವುದು ಪರೀಕ್ಷೆಯಲ್ಲಿ ಖಾತ್ರಿಯಾಗಿರಬೇಕು. ಎದೆಗೂಡಿನೊಳಗೆ ಗಾಳಿ ಬಿಟ್ಟು ಶ್ವಾಸಕೋಶವನ್ನು ಕುಗ್ಗಿಸುವುದು ಆ ಕಾಲದ ಚಿಕಿತ್ಸೆ. ಅದೂ ಈ ರೋಗಿಗಳಿಗೆ ಒಗ್ಗುವಂತಿರಬಾರದು.

ಪಟ್ಟಿ ಓದಿ ನಿಲ್ಲಿಸಬೇಡಿ, ಕಳ್ಳನನ್ನು ಹೆಸರಿಸಿ. ಟಿಬಿ ಎಲ್ಲರಲ್ಲೂ ಒಂದೇ ಥರ ನಡೆಯುವ ಕಾಯಿಲೆಯಲ್ಲ. ಕೆಲವರಿಗೆ ವರ್ಷಗಟ್ಟಲೆ ಎಳೆಯುತ್ತದೆ, ಕೆಲವರಿಗೆ ಬರೀ ವಿಶ್ರಾಂತಿಯಲ್ಲೇ ಇಳಿಯುತ್ತದೆ. ಎಲ್ಲರನ್ನೂ ಕಲೆಸಿದರೆ ಗುಣವಾದದ್ದು ಔಷಧಿಯಿಂದಲೋ ತಾನಾಗಿಯೋ ತಿಳಿಯುವುದಿಲ್ಲ. ಬೇರೆ ಚಿಕಿತ್ಸೆ ಒಗ್ಗದವರನ್ನೇ ಆರಿಸಿದ್ದರಿಂದ ಇನ್ನೊಂದು ಅನುಕೂಲವಾಯಿತು: ಔಷಧಿ ಸಿಗದವರಿಗೆ ಇದ್ದ ಒಳ್ಳೆಯ ಚಿಕಿತ್ಸೆಯನ್ನು ತಪ್ಪಿಸಿದಂತೆ ಆಗಲಿಲ್ಲ.

ಗೇಟಿನ ಬೆಲೆಯನ್ನೂ ಹೇಳಿ. ಐವತ್ತು ವರ್ಷದವರ ಹಳೇ ಟಿಬಿಗೆ ಏನಾಗುತ್ತದೆ ಅಂತ ಈ ಪೇಪರ್ ಹೇಳುವುದಿಲ್ಲ. ಒಳಗೆ ಬಿಟ್ಟವರು 109, ಲೆಕ್ಕಕ್ಕೆ ಬಂದವರು 107. ಮೊದಲ ವಾರ ಬರೀ ನಿಗಾ ಇಡುವ ವಾರ. ಅದರಲ್ಲೇ ಇಬ್ಬರು ತೀರಿಕೊಂಡರು. ಇಂಥ ಸಣ್ಣ ವ್ಯತ್ಯಾಸ ಕಂಡಾಗ ನುಂಗಿ ಮುಂದೆ ಹೋಗಬೇಡಿ. ಗೆಳೆಯ ಬಿಟ್ಟರೂ ಗೈಡ್ ಬಿಡುವುದಿಲ್ಲ.

3. ಲಕೋಟೆಯ ಹತ್ತಿರ ನಿಲ್ಲಿ. ಅಲ್ಲಿ ಅರ್ಧ ಸಮಯ ಕಳೆಯಿರಿ.

ಹಾಸ್ಟೆಲ್ ಮೆಸ್ಸಿನಲ್ಲಿ ನಾನು ಮೊದಲ ಸಲ ಸೋತದ್ದು ಇಲ್ಲೇ. “ರ‍್ಯಾಂಡಮ್ ಆಗಿ ಹಂಚಿದರು” ಅಂದೆ. ರೂಮ್‌ಮೇಟ್ ತಟ್ಟೆಯಿಂದ ತಲೆ ಎತ್ತದೆ, “ಓ, ಮನಸ್ಸಿಗೆ ಬಂದವರಿಗೆ ಕೊಟ್ಟರು” ಅಂದ. ಅರ್ಥ ಪೂರ್ತಿ ತಿರುಗುಮುರುಗು! ಮನಸ್ಸಿಗೆ ಬರಲೇಬಾರದು ಅಂತ ತಾನೆ ಅಷ್ಟೆಲ್ಲ ಮಾಡಿದ್ದು? ರ‍್ಯಾಂಡಮ್ ಪದ ಬಿಡಿ. ಕಥೆ ಹೇಳಿ.

ಮೊದಲು ಸುಲಭದ ದಾರಿಯನ್ನು ಗೆಳೆಯನಿಂದಲೇ ಹೇಳಿಸಿ. “ಒಬ್ಬರಿಗೆ ಕೊಡು, ಮುಂದಿನವರಿಗೆ ಬೇಡ, ಹೀಗೆ ಒಂದು ಬಿಟ್ಟು ಒಂದು” ಅನ್ನುತ್ತಾನೆ. ಆಗ ಅವನನ್ನೇ ಡಾಕ್ಟರ್ ಮಾಡಿ. “ಈಗ ಬರುವ ಸರದಿ ಔಷಧಿಯದು ಅಂತ ನಿನಗೆ ಗೊತ್ತು. ಬಾಗಿಲಲ್ಲಿ ಇಬ್ಬರಿದ್ದಾರೆ. ಹತ್ತೊಂಬತ್ತರ ಹುಡುಗಿ, ಉಸಿರಿಗೆ ಒದ್ದಾಡುತ್ತಿದ್ದಾಳೆ. ಪಕ್ಕದಲ್ಲಿ ಸ್ವಲ್ಪ ಗಟ್ಟಿಯಿರುವ ಹುಡುಗ. ಯಾರನ್ನು ಮೊದಲು ಕರೀತೀಯ?” ಕರುಣೆ ಇದ್ದವನು ಹುಡುಗಿಯನ್ನು ಕರೆಯುತ್ತಾನೆ. ಹಾಗೆ ಹತ್ತು ಸಲ ಆದರೆ ತೀರಾ ಹದಗೆಟ್ಟವರೆಲ್ಲ ಔಷಧಿಯ ಕಡೆ ಸೇರಿ, ಒಳ್ಳೆಯ ಔಷಧಿಯೂ ಕೆಟ್ಟದ್ದಾಗಿ ಕಾಣುತ್ತದೆ. ಔಷಧಿ ಗೆಲ್ಲಲಿ ಅಂತ ಆಸೆ ಇರುವ ಡಾಕ್ಟರ್ ಹುಡುಗನನ್ನು ಕರೆಯುತ್ತಾನೆ. ಆಗ ಕೆಲಸಕ್ಕೆ ಬಾರದ ಔಷಧಿಯೂ ಗೆಲ್ಲುತ್ತದೆ. ಇಬ್ಬರೂ ಸುಳ್ಳು ಹೇಳಿಲ್ಲ. ಮುಂದಿನ ಸರದಿ ಗೊತ್ತಿದ್ದದ್ದೇ ತೊಂದರೆ.

ಈಗ ಬೀಗ ತೋರಿಸಿ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿ, ಪ್ರತಿ ಆಸ್ಪತ್ರೆಗೂ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸರಣಿ ಸಿದ್ಧಮಾಡಿದರು. ಅದನ್ನು ಅಂಟಿಸಿದ ಲಕೋಟೆಗಳಲ್ಲಿಟ್ಟರು. ಹೊರಗೆ ಆಸ್ಪತ್ರೆಯ ಹೆಸರು, ಒಂದು ನಂಬರ್, ಅಷ್ಟೇ. ಒಳಗೇನಿದೆ ಅಂತ ಡಾಕ್ಟರಿಗೂ ಗೊತ್ತಿಲ್ಲ, ಟ್ರಯಲ್ ನಡೆಸುವವರಿಗೂ ಗೊತ್ತಿಲ್ಲ. ರೋಗಿಗಳನ್ನು ಆರಿಸುವ ಸಮಿತಿ ಮೊದಲು ರೋಗಿಯನ್ನು ಒಪ್ಪಬೇಕು. ಒಪ್ಪಿದ ಮೇಲೆಯೇ ಕೇಂದ್ರ ಕಚೇರಿಯಲ್ಲಿ ಆ ನಂಬರಿನ ಲಕೋಟೆ ಒಡೆಯುತ್ತಾರೆ. ಈ ಕ್ರಮವನ್ನು ಎರಡು ಸಲ ಹೇಳಿ: ಮೊದಲು ಒಪ್ಪಿಗೆ, ಆಮೇಲೆ ಲಕೋಟೆ. ಉಲ್ಟಾ ಆದರೆ ಲಾಟರಿಯಿದ್ದೂ ಪ್ರಯೋಜನವಿಲ್ಲ, ಒಳಗಿನ ಚೀಟಿ ನೋಡಿ “ಈ ರೋಗಿ ಬೇಡ” ಅನ್ನಬಹುದಲ್ಲ!

ಹೀಗೆ ಔಷಧಿಯ ಕಡೆ 55 ಜನ, ಬರೀ ವಿಶ್ರಾಂತಿಯ ಕಡೆ 52 ಜನ ಬಂದರು. “ಸಮ ಬರಲಿಲ್ಲವಲ್ಲ?” ಅಂತ ಗೆಳೆಯ ಕೇಳಿದರೆ ಖುಷಿಪಡಿ, ಕೇಳಿಸಿಕೊಳ್ಳುತ್ತಿದ್ದಾನೆ. ಚೀಟಿ ಎತ್ತಿದರೆ ತೂಕ ಹಾಕಿದಂತೆ ಬರುವುದಿಲ್ಲ ಅನ್ನಿ. ಲಾಟರಿ ತಲೆ ಎಣಿಸಿ ಸಮ ಮಾಡಲು ಇರುವುದಲ್ಲ, ಯಾರ ಇಷ್ಟವೂ ನಡೆಯದಂತೆ ಮಾಡಲು ಇರುವುದು. ಹಾಗಿದ್ದೂ ಎರಡು ಗುಂಪು ಶುರುವಿನಲ್ಲಿ ಹೇಗಿದ್ದವು ಅಂತ ಪೇಪರ್ ಪಟ್ಟಿ ಕೊಡುತ್ತದೆ. ಆ ಪಟ್ಟಿಯ ಮೇಲೆ ಬೆರಳಿಡಿ.

4. ಅಳೆದವರ ಕಣ್ಣಿಗೆ ಬಟ್ಟೆ ಕಟ್ಟಿತ್ತಾ, ನೋಡಿ.

ಔಷಧಿಯ ಗುಂಪಿಗೆ ದಿನಕ್ಕೆ 2 ಗ್ರಾಂ, ಆರು ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್, ನಾಲ್ಕು ತಿಂಗಳು. ಇನ್ನೊಂದು ಗುಂಪಿಗೆ ನೀರಿನ ಇಂಜೆಕ್ಷನ್ ಕೊಡಲಿಲ್ಲ. ದಿನಕ್ಕೆ ನಾಲ್ಕು ಸಲ ಸುಮ್ಮನೆ ಚುಚ್ಚುವುದು ಯಾವ ನ್ಯಾಯ? ಹಾಗಾಗಿ ಯಾರಿಗೆ ಔಷಧಿ ಅಂತ ವಾರ್ಡಿನ ಡಾಕ್ಟರಿಗೂ ನರ್ಸಿಗೂ ಗೊತ್ತು. ಇದನ್ನು ಮುಚ್ಚಿಡಬೇಡಿ.

ಗೊತ್ತಿಲ್ಲದವರು ಎಕ್ಸ್‌ರೇ ನೋಡಿದವರು. ಇಬ್ಬರು ರೇಡಿಯಾಲಜಿಸ್ಟ್, ಒಬ್ಬ ವೈದ್ಯ. ಮೂವರೂ ಬೇರೆ ಬೇರೆ ಕೂತು ಓದಿದರು. ಯಾವ ಫಿಲ್ಮ್ ಯಾವ ಗುಂಪಿನದು ಅಂತ ತಿಳಿಸಿರಲಿಲ್ಲ. ಗೆಳೆಯನಿಗೆ ಯೂನಿವರ್ಸಿಟಿ ವ್ಯಾಲ್ಯುಯೇಷನ್ ನೆನಪಿಸಿ. ಉತ್ತರ ಪತ್ರಿಕೆಯ ಮೇಲೆ ಹೆಸರಿಲ್ಲ, ಕೋಡ್ ಇದೆ. ಇಬ್ಬರು ನೋಡುತ್ತಾರೆ, ಅಂಕದಲ್ಲಿ ವ್ಯತ್ಯಾಸ ಬಂದರೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಇಲ್ಲಿ ವ್ಯತ್ಯಾಸ ಬಂದಾಗ ಮೂವರೂ ಒಟ್ಟಿಗೆ ಕೂತು ಒಂದು ತೀರ್ಮಾನಕ್ಕೆ ಬಂದರು. ಬ್ಲೈಂಡಿಂಗ್ ಅಂದರೆ ಇದೇ ಅಂತ ಈಗ ಹೇಳಿ. ಪದ ಕೊನೆಗೆ ಬರಲಿ.

ಎಕ್ಸ್‌ರೇಗೆ ಯಾಕೆ ಇಷ್ಟು ಕಟ್ಟುನಿಟ್ಟು? ಸಾವನ್ನು ಎಣಿಸುವಾಗ ಅಭಿಪ್ರಾಯಕ್ಕೆ ಜಾಗವಿಲ್ಲ. ಬೂದು ಬಣ್ಣದ ಮಬ್ಬು “ಸ್ವಲ್ಪ ಕಡಿಮೆಯಾಗಿದೆ” ಅನ್ನುವಲ್ಲಿ ಬೇಕಾದಷ್ಟಿದೆ.

5. ಪಿ-ವ್ಯಾಲ್ಯೂ ಹೇಳಬೇಡಿ. ಚೀಟಿ ಎತ್ತಿಸಿ.

ಆರು ತಿಂಗಳಲ್ಲಿ ಔಷಧಿಯ ಕಡೆ 55ರಲ್ಲಿ 4 ಸಾವು, ಇನ್ನೊಂದು ಕಡೆ 52ರಲ್ಲಿ 14. ಇದು ಬರೀ ಅದೃಷ್ಟ ಇರಬಹುದಾ? ಕೈಯಲ್ಲಿ ಮಾಡಿ ತೋರಿಸಿ. 107 ಚೀಟಿ ಮಾಡಿ, 18ಕ್ಕೆ ಕೆಂಪು ಗುರುತು ಹಾಕಿ. ಔಷಧಿಗೆ ಏನೂ ಶಕ್ತಿಯಿಲ್ಲ, ಈ 18 ಜನ ಯಾವ ಗುಂಪಿಗೆ ಹೋಗಿದ್ದರೂ ಸಾಯುತ್ತಿದ್ದರು ಅಂತ ಇಟ್ಟುಕೊಳ್ಳಿ. ಚೀಟಿ ಕಲೆಸಿ 55 ಎತ್ತಲು ಹೇಳಿ. ಕೆಂಪು ಸಾಮಾನ್ಯವಾಗಿ ಒಂಬತ್ತರ ಆಸುಪಾಸು ಬರುತ್ತದೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬರುವುದು ನೂರು ಸಲದಲ್ಲಿ ಒಂದಕ್ಕಿಂತಲೂ ಅಪರೂಪ.

“ಹಾಗಾದರೆ ಔಷಧಿ ಕೆಲಸ ಮಾಡೋದು 99 ಪರ್ಸೆಂಟ್ ಖಚಿತ” ಅಂತ ಗೆಳೆಯ ಹಾರುತ್ತಾನೆ. ಅಲ್ಲೇ ಹಿಡಿಯಿರಿ. ನಾವು ಲೆಕ್ಕ ಹಾಕಿದ್ದು ಔಷಧಿಗೆ ಶಕ್ತಿಯೇ ಇಲ್ಲ ಅಂದುಕೊಂಡು. ಆ ಊಹೆಯಡಿ ಇಂಥ ಅಂಕಿ ಬರುವುದು ಎಷ್ಟು ಅಪರೂಪ ಅನ್ನುವುದಷ್ಟೇ ಉತ್ತರ. ಔಷಧಿ ಎಷ್ಟು ಖಚಿತ ಅನ್ನುವುದು ಬೇರೆಯೇ ಪ್ರಶ್ನೆ. ಈ ತಪ್ಪನ್ನು ಎಂ.ಎಸ್ಸಿ. ಮುಗಿಸಿದವರೂ ಮಾಡುತ್ತಾರೆ. ನೀವು ಮಾಡಬೇಡಿ.

6. ಗಡಿಯಾರ ಕೇಳಿ.

ಮೆಥಡ್ಸ್‌ನಲ್ಲಿ “ಆರು ತಿಂಗಳು” ಅನ್ನುವ ಎರಡು ಪದ ಯಾರ ಕಣ್ಣಿಗೂ ಬೀಳುವುದಿಲ್ಲ. ಅಳತೆಯನ್ನು ಯಾವಾಗ ನಿಲ್ಲಿಸಿದರು ಅನ್ನುವುದು ಎಷ್ಟೋ ಸಲ ಉತ್ತರವನ್ನೇ ಬದಲಿಸುತ್ತದೆ. ಇದೇ ರೋಗಿಗಳನ್ನು ಐದು ವರ್ಷದ ಮೇಲೆ ಎಣಿಸಿದಾಗ ಔಷಧಿಯ ಕಡೆ 32 ಜನ ತೀರಿಕೊಂಡಿದ್ದರು, ಇನ್ನೊಂದು ಕಡೆ 35. ಆ ದೊಡ್ಡ ಅಂತರ ಬಹುಪಾಲು ಕರಗಿತ್ತು. ಒಂದೇ ಔಷಧಿ ಕೊಟ್ಟಾಗ ಅದಕ್ಕೆ ಜಗ್ಗದ ರೋಗಾಣುಗಳು ಉಳಿದು ಬೆಳೆದದ್ದು ಇದಕ್ಕೆ ದೊಡ್ಡ ಕಾರಣ. ಔಷಧಿ ನಿರೋಧ ಹುಟ್ಟುವುದನ್ನು 1948ರ ಪೇಪರೇ ಗುರುತಿಸಿತ್ತು. ಟಿಬಿಗೆ ಇವತ್ತು ಒಂದೇ ಸಲ ಹಲವು ಔಷಧಿ ಕೊಡುವುದು ಈ ಪಾಠದಿಂದಲೇ. ಮೆಥಡ್ಸ್ ಸರಿಯಿತ್ತು, ಲೆಕ್ಕ ಸರಿಯಿತ್ತು. ಕೇಳಿದ ಪ್ರಶ್ನೆ ಮಾತ್ರ ಆರು ತಿಂಗಳದ್ದು.

ಈಗ ಪೇಪರ್ ಮುಚ್ಚಿ. ಗೆಳೆಯನಿಂದ ವಾಪಸ್ ಹೇಳಿಸಿ, ನಡುವೆ ಬಾಯಿ ಹಾಕಬೇಡಿ. ಎಲ್ಲಿ ತಡವರಿಸುತ್ತಾನೋ ಅಲ್ಲಿ ನೀವು ಕಳ್ಳನನ್ನು ತೋರಿಸದೆ ಬೀಗ ತೋರಿಸಿದ್ದೀರಿ. ಆ ಒಂದು ಜಾಗವನ್ನೇ ಮತ್ತೆ ಹೇಳಿ.

ನನ್ನ ರೂಮ್‌ಮೇಟ್ ಎರಡನೇ ಸಲ ಎಲ್ಲವನ್ನೂ ಸರಿಯಾಗಿ ಹೇಳಿದ. ತಟ್ಟೆ ತೊಳೆಯಲು ಎದ್ದವನು ನಲ್ಲಿಯ ಹತ್ತಿರ ತಿರುಗಿ ನಿಂತ. “ಅಲ್ಲೋ, ಆ 52 ಜನಕ್ಕೆ ಹೇಳಿದ್ರಾ?” ಹೇಳಿರಲಿಲ್ಲ. ತಾವು ಒಂದು ಪರೀಕ್ಷೆಯೊಳಗಿದ್ದೇವೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಯುದ್ಧ ಮುಗಿದ ಬ್ರಿಟನ್ನಿನ ಹತ್ತಿರ ಡಾಲರ್ ಇರಲಿಲ್ಲ, ಅಮೆರಿಕದಿಂದ ತರಿಸಿದ ಔಷಧಿ ಎಲ್ಲರಿಗೂ ಸಾಲುತ್ತಿರಲಿಲ್ಲ, ಹಾಗಾಗಿ ಹೇಗಿದ್ದರೂ ಹೆಚ್ಚಿನವರಿಗೆ ಸಿಗುತ್ತಿರಲಿಲ್ಲ ಅಂತ ನಾನು ಸಮಜಾಯಿಷಿ ಕೊಟ್ಟೆ. “ಸಿಗಲಿಲ್ಲ ಸರಿ, ಹೇಳೋಕೆ ಡಾಲರ್ ಬೇಕಿತ್ತಾ?” ಅಂದ. ಮೂರು ಸಲ ಓದಿದ ಪೇಪರಿನಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು. ಮರುದಿನ ಸೆಮಿನಾರಿನಲ್ಲಿ ಅದನ್ನೇ ಮೊದಲ ಸ್ಲೈಡ್ ಮಾಡಿದೆ.