ಮೊತ್ತ 45 ಬಂದರೂ ಸುಡೊಕು ತಪ್ಪಿರಬಹುದು

ಸುಡೊಕುವಿನ 81 ಮನೆಗಳೂ ತುಂಬಿವೆ. ಅಡ್ಡಸಾಲುಗಳನ್ನು ಒಂದೊಂದಾಗಿ ಕೂಡಿ ನೋಡಿದ್ದೀರಿ, ಎಲ್ಲದರ ಮೊತ್ತವೂ 45. ಆದರೂ ಮರುದಿನದ ಪತ್ರಿಕೆಯಲ್ಲಿ ಬಂದ ಉತ್ತರಕ್ಕೂ ನಿಮ್ಮದಕ್ಕೂ ಎರಡು ಮನೆಗಳಲ್ಲಿ ವ್ಯತ್ಯಾಸ. ಇಂಥ ಹೊತ್ತಿನಲ್ಲಿ ‘ಉತ್ತರವೇ ತಪ್ಪಾಗಿ ಅಚ್ಚಾಗಿದೆ’ ಎಂದು ವಾದಿಸುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಅವರು ಬಿಡಿಸಿದ ರೀತಿಗಿಂತ ಪರೀಕ್ಷಿಸಿದ ರೀತಿಯಲ್ಲೇ ಹೆಚ್ಚು ದೋಷವಿರುತ್ತದೆ.

ನಿಯಮ ಗೊತ್ತೇ ಇದೆ: 9 ಅಡ್ಡಸಾಲು, 9 ಕಂಬಸಾಲು, 9 ಚೌಕ, ಪ್ರತಿಯೊಂದರಲ್ಲೂ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಸಲ ಮಾತ್ರ.

ಮೊದಲು ಈ ಮೊತ್ತದ ಗೀಳು ಬಿಡಿ. ಒಂದು ಸಾಲಿನಲ್ಲಿ 1 ಮತ್ತು 9 ಇರಬೇಕಾದ ಕಡೆ 4 ಮತ್ತು 6 ಬರೆದರೂ ಮೊತ್ತ 45 ಆಗುತ್ತದೆ, ಆದರೆ ಸಾಲಿನಲ್ಲಿ ಎರಡು 4, ಎರಡು 6 ಇರುತ್ತವೆ. ‘ಹಾಗಾದರೆ ಗುಣಿಸಿಯೂ ನೋಡೋಣ’ ಎನ್ನುವವರಿದ್ದಾರೆ. 1ರಿಂದ 9ರವರೆಗೆ ಗುಣಿಸಿದರೆ 3,62,880 ಬರಬೇಕು, ನಿಜ. ಆದರೆ 1, 2, 4, 4, 4, 5, 7, 9, 9 ಇವನ್ನು ಕೂಡಿದರೂ 45, ಗುಣಿಸಿದರೂ 3,62,880! ಮೊತ್ತ 45 ಬಾರದಿದ್ದರೆ ತಪ್ಪಿದೆ ಎಂಬುದು ಖಚಿತ. ಬಂದರೆ ಯಾವುದೂ ಖಚಿತವಲ್ಲ.

ಇದಕ್ಕಿಂತ ಕಣ್ಣು ತಪ್ಪಿಸುವುದು ಅದಲುಬದಲು. ಒಂದೇ ಅಡ್ಡಸಾಲಿನ, ಒಂದೇ ಚೌಕದ ಎರಡು ಮನೆಗಳ ಅಂಕಿಗಳು ಅದಲುಬದಲಾದರೆ ಆ ಸಾಲೂ ಸರಿ, ಚೌಕವೂ ಸರಿ. ಕೆಡುವುದು ಎರಡು ಕಂಬಸಾಲುಗಳು ಮಾತ್ರ. ಅಡ್ಡಸಾಲು, ಚೌಕ ನೋಡಿ ಪೆನ್ಸಿಲ್ ಕೆಳಗಿಡುವವರಿಗೆ ಇದು ಎಂದೂ ಸಿಗದು. ಚೌಕಟ್ಟಿನಲ್ಲಿ ಪ್ರತಿ ಅಂಕಿಯೂ 9 ಸಲ ಇದೆಯೇ ಎಂದು ಎಣಿಸಿದರೂ ಸಿಗದು, ಏಕೆಂದರೆ ಎಣಿಕೆ ಬದಲಾಗಿರುವುದಿಲ್ಲ.

ಹಾಗಾಗಿ ಸಾಲಿಗಿಂತ ಅಂಕಿಯ ಹಿಂದೆ ಹೋಗಿ.

1. ಒಂದು ಅಂಕಿಯನ್ನು ಆರಿಸಿ. ಮೊದಲ ಅಡ್ಡಸಾಲಿನಿಂದ ಒಂಬತ್ತನೆಯದರವರೆಗೆ ಅದು ಎಷ್ಟನೇ ಕಂಬಸಾಲಿನಲ್ಲಿದೆ ಎಂದು ಪಕ್ಕದಲ್ಲಿ ಬರೆಯುತ್ತಾ ಹೋಗಿ. ಯಾವುದಾದರೂ ಸಾಲಿನಲ್ಲಿ ಅದು ಇಲ್ಲದಿದ್ದರೆ, ಅಥವಾ ಎರಡು ಸಲ ಇದ್ದರೆ, ತಪ್ಪು ಅಲ್ಲೇ ಸಿಕ್ಕಿತು.

2. ಬರೆದ ಪಟ್ಟಿಯಲ್ಲಿ 1ರಿಂದ 9ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಇರಬೇಕು. ಇದ್ದರೆ ಆ ಅಂಕಿಯ ಮಟ್ಟಿಗೆ ಕಂಬಸಾಲುಗಳು ಸರಿ.

3. ಪಟ್ಟಿಯನ್ನು ಮೂರು ಮೂರಾಗಿ ಒಡೆಯಿರಿ. ಪ್ರತಿ ಮೂರರಲ್ಲೂ 1–3ರೊಳಗಿನದು ಒಂದು, 4–6ರೊಳಗಿನದು ಒಂದು, 7–9ರೊಳಗಿನದು ಒಂದು ಇರಬೇಕು. ಇದ್ದರೆ ಚೌಕಗಳೂ ಸರಿ.

ಹೀಗೆ ಒಂಬತ್ತೂ ಅಂಕಿಗಳಿಗೆ ಮಾಡಿ. ‘ಎಂಟು ಸರಿಯಿದ್ದ ಮೇಲೆ ಒಂಬತ್ತನೆಯದೂ ಸರಿ’ ಎಂಬ ಲೆಕ್ಕ ನಿಜವೇ. ಆದರೂ ಅದನ್ನೂ ನೋಡಿ, ಅವಸರದಲ್ಲಿ ಬರೆದ 1 ಮತ್ತು 7 ಒಂದೇ ಥರ ಕಾಣುತ್ತವೆ.

ಮೊನ್ನೆ ಪಕ್ಕದ ಮನೆಯವರು ತಂದು ತೋರಿಸಿದ ಸುಡೊಕುವಿನಲ್ಲಿ ಏಳು ಅಂಕಿಗಳ ಪಟ್ಟಿ ಸರಿಯಿತ್ತು. ಉಳಿದೆರಡು ಹೀಗಿದ್ದವು:

ಅಂಕಿ 3: 1, 6, 8 / 5, 9, 2 / 7, 3, 6
ಅಂಕಿ 8: 9, 4, 2 / 3, 4, 8 / 5, 7, 1

3ರ ಪಟ್ಟಿಯಲ್ಲಿ 6 ಎರಡು ಸಲ ಬಂದಿದೆ, 4 ಇಲ್ಲ. 8ರ ಪಟ್ಟಿಯಲ್ಲಿ 4 ಎರಡು ಸಲ ಬಂದಿದೆ, 6 ಇಲ್ಲ. ಒಂದರಲ್ಲಿ ಹೆಚ್ಚಾಗಿರುವುದೇ ಇನ್ನೊಂದರಲ್ಲಿ ಕಡಿಮೆ. ಇದು ಅದಲುಬದಲಿನ ಗುರುತು. ಈಗ ಸ್ಥಾನ ನೋಡಿ. ಮರುಕಳಿಸಿದ 6 ಇರುವುದು 2 ಮತ್ತು 9ನೇ ಅಡ್ಡಸಾಲಿನಲ್ಲಿ. ಮರುಕಳಿಸಿದ 4 ಇರುವುದು 2 ಮತ್ತು 5ನೇ ಅಡ್ಡಸಾಲಿನಲ್ಲಿ. ಎರಡಕ್ಕೂ ಸೇರಿದ್ದು 2ನೇ ಸಾಲು. ಆ ಸಾಲಿನ 4 ಮತ್ತು 6ನೇ ಮನೆಗಳಲ್ಲಿದ್ದ 8, 3ನ್ನು ಅದಲುಬದಲು ಮಾಡಿದೆವು. ಎರಡು ಪಟ್ಟಿಗಳೂ ಸರಿಹೋದವು. ಮೂರು ಮೂರರ ವಿಂಗಡಣೆಯಲ್ಲಿ ಮೊದಲೂ ಏನೂ ಕೆಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಚೌಕಗಳನ್ನಷ್ಟೇ ನೋಡಿದ್ದರೆ ಈ ತಪ್ಪು ಹಾಗೇ ಉಳಿಯುತ್ತಿತ್ತು.

ಕೊನೆಯದಾಗಿ ಮೂರು ಎಚ್ಚರ. ಪತ್ರಿಕೆಯಲ್ಲಿ ಅಚ್ಚಾಗಿ ಬಂದ ಅಂಕಿಯನ್ನು ಬದಲಿಸಬೇಡಿ. ಬದಲಿಸಲೇಬೇಕಾಗಿ ಬಂದರೆ ತಪ್ಪು ಬೇರೆಡೆ ಇದೆ. ನಾಲ್ಕೈದು ಅಂಕಿಗಳ ಪಟ್ಟಿ ಕೆಟ್ಟಿದ್ದರೆ ತೇಪೆ ಹಾಕದೆ, ನೀವು ಬರೆದದ್ದನ್ನೆಲ್ಲ ಅಳಿಸಿ ಮತ್ತೆ ಶುರುಮಾಡಿ. ಸುಡೊಕುವನ್ನು ಬೇರೆ ಹಾಳೆಗೆ ನಕಲು ಮಾಡಿಕೊಂಡಿದ್ದರೆ ಎಲ್ಲಕ್ಕೂ ಮೊದಲು ಮೂಲದೊಂದಿಗೆ ಹೋಲಿಸಿ: ನಕಲಿನಲ್ಲೇ ಅಂಕಿ ತಪ್ಪಿದ್ದರೆ ಒಂಬತ್ತೂ ಪಟ್ಟಿ ಸರಿಯಾಗಿ ಬಂದರೂ ಉತ್ತರ ತಪ್ಪಿರಬಹುದು.