ಅರ್ಧ ಕತ್ತರಿಸಿ ಹೋದ ಫೋಟೋ ಮತ್ತು ಟೇಲರ್ ಸರಣಿಯ ದೋಷ



ಕಳೆದ ವಾರ ಸಂಜೆ ಮಲ್ಪೆ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಒಂದು ಲೆಕ್ಕದ ಫೋಟೋ ಕಳುಹಿಸಿದಳು. “ಸರ್, ನನ್ನ ಉತ್ತರ 0.00033. ಪುಸ್ತಕದಲ್ಲಿ 0.00046 ಇದೆ. ಯಾವುದು ಸರಿ?”

ಲೆಕ್ಕ ಇಷ್ಟು: f(x) = ln x. ಇದರ ಟೇಲರ್ ಸರಣಿಯನ್ನು x = 1ರ ಸುತ್ತ ಎರಡನೇ ಘಾತದವರೆಗೆ ಬರೆಯಿರಿ; ಕೊಟ್ಟ ಅಂತರದಲ್ಲಿ ದೋಷದ ಮಿತಿ ಕಂಡುಹಿಡಿಯಿರಿ. ಸರಣಿಗೆ ಬೇಕಾದದ್ದು ನಾವು ದ್ವಿತೀಯ ಪಿಯುಸಿಯಲ್ಲಿ ಕಲಿಯುವ ಡೆರಿವೇಟಿವ್‌ಗಳಷ್ಟೇ:

f′(x) = 1/x, f″(x) = −1/x², f‴(x) = 2/x³

x = 1ರಲ್ಲಿ f = 0, f′ = 1, f″ = −1. ಹಾಗಾಗಿ

T₂(x) = (x − 1) − (x − 1)²/2

ಇಲ್ಲಿಯವರೆಗೆ ಅವಳು ಮಾಡಿದ್ದು ಪೂರ್ತಿ ಸರಿ. ಮುಂದಿನದು ದೋಷ. ನಾವು ಎರಡನೇ ಘಾತಕ್ಕೆ ನಿಲ್ಲಿಸಿದ್ದರಿಂದ ದೋಷವನ್ನು ಮೂರನೇ ಡೆರಿವೇಟಿವ್ ಹೇಳುತ್ತದೆ:

|R₂(x)| ≤ (M/3!) |x − 1|³

ಇಲ್ಲಿ M ಎಂದರೆ ಇಡೀ ಅಂತರದಲ್ಲಿ |f‴(x)| ತಲುಪುವ ಅತಿ ದೊಡ್ಡ ಬೆಲೆ. ಅವಳು x = 1 ಹಾಕಿ M = 2 ಎಂದು ತೆಗೆದುಕೊಂಡಿದ್ದಳು. ಆಗ 2/6 × (0.1)³ = 0.00033.

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಎಡ ಅಂಚು ಕತ್ತರಿಸಿ ಹೋಗಿತ್ತು, “x ≤ 1.1” ಮಾತ್ರ ಕಾಣುತ್ತಿತ್ತು. ಅವಳು ಅಂತರವನ್ನು 1 ≤ x ≤ 1.1 ಎಂದು ಊಹಿಸಿದ್ದಳು. ಆ ಅಂತರಕ್ಕೆ ಅವಳ ಉತ್ತರ ಸರಿಯೇ. ಆದರೆ ಪುಸ್ತಕದಲ್ಲಿದ್ದದ್ದು 0.9 ≤ x ≤ 1.1.

2/x³ನಲ್ಲಿ x ಚಿಕ್ಕದಾದಷ್ಟೂ ಬೆಲೆ ದೊಡ್ಡದಾಗುತ್ತದೆ. ಆದ್ದರಿಂದ M ಸಿಗುವುದು ನಡುವಿನಲ್ಲಲ್ಲ, ಎಡ ತುದಿಯಲ್ಲಿ: M = 2/(0.9)³ = 2/0.729 ≈ 2.743. ದೋಷದ ಮಿತಿ 2.743/6 × 0.001 ≈ 0.00046.

ಇದನ್ನು ಪರೀಕ್ಷಿಸುವುದು ಸುಲಭ. T₂(0.9) = −0.1 − 0.005 = −0.105. ಕ್ಯಾಲ್ಕ್ಯುಲೇಟರಿನಲ್ಲಿ ln 0.9 = −0.10536. ನಿಜವಾದ ದೋಷ 0.00036. ಇದು 0.00046ರ ಒಳಗಿದೆ, ಆದರೆ 0.00033ನ್ನು ದಾಟಿದೆ. ನಿಜವಾದ ದೋಷ ದಾಟಿಹೋಗುವ ಸಂಖ್ಯೆ ಮಿತಿಯಾಗಲಾರದು. ಬಲ ತುದಿಯಲ್ಲಿ ಮಾತ್ರ ಪರೀಕ್ಷಿಸಿದ್ದರೆ ತಪ್ಪು ಗೊತ್ತಾಗುತ್ತಿರಲಿಲ್ಲ: T₂(1.1) = 0.095, ln 1.1 = 0.09531, ದೋಷ 0.00031 ಮಾತ್ರ.

ಆದ್ದರಿಂದ ಮೊದಲು ಅಂತರದ ಎರಡೂ ತುದಿಗಳನ್ನು ಬರೆದುಕೊಳ್ಳಿ. ಆಮೇಲೆ ಮೂರನೇ ಡೆರಿವೇಟಿವ್ ಎಲ್ಲಿ ಅತಿ ದೊಡ್ಡದು ಎಂದು ನೋಡಿ. ಕೊನೆಗೆ ಎರಡೂ ತುದಿಗಳಲ್ಲಿ ನಿಜವಾದ ದೋಷ ತಾಳೆ ಹಾಕಿ.

ನಿಮಗೊಂದು ಲೆಕ್ಕ: ಇದೇ T₂ಗೆ 0.8 ≤ x ≤ 1.2 ಅಂತರದಲ್ಲಿ ಮಿತಿ ಎಷ್ಟು? ಉತ್ತರ ಸುಮಾರು 0.0052. ಅಂತರ ಎರಡು ಪಟ್ಟಾದರೆ ಮಿತಿ ಎಂಟು ಪಟ್ಟಲ್ಲ, ಹನ್ನೊಂದು ಪಟ್ಟಿಗೂ ಹೆಚ್ಚಾಗಿದೆ. ಏಕೆಂದು ಯೋಚಿಸಿ; (x − 1)³ ಜೊತೆಗೆ M ಕೂಡ ಬದಲಾಗಿದೆ.