ಎರಗುವ ಹದ್ದು ಮತ್ತು ಕ್ವಾಟರ್ನಿಯನ್

ಗಣಕಯಂತ್ರದ ಆಟವೊಂದರಲ್ಲಿ ಹಾರುವ ಹದ್ದಿನ ನಿಲುವನ್ನು ಆಯ್ಲರನ ಮೂರು ಕೋನಗಳಿಂದ ಸೂಚಿಸಬಹುದು. X ಕೋನವು ಕೊಕ್ಕನ್ನು ಮೇಲಕ್ಕೋ ಕೆಳಕ್ಕೋ ಬಾಗಿಸುತ್ತದೆ. Y ಹಾರುವ ದಿಕ್ಕನ್ನು ಬದಲಿಸುತ್ತದೆ. Z ರೆಕ್ಕೆಗಳನ್ನು ಓರೆಯಾಗಿಸುತ್ತದೆ. ಈ ಮೂರು ತಿರುವುಗಳು ಒಂದಾದ ಮೇಲೊಂದರಂತೆ ನಡೆಯಬೇಕು. ಯೂನಿಟಿ ತಂತ್ರಾಂಶದಲ್ಲಿ ಅವುಗಳ ಸರದಿ Z, X, Y. ತೊಡಕು ಹುಟ್ಟುವುದು ಈ ಸರದಿಯಿಂದಲೇ.

ಹದ್ದು ಬೇಟೆಗೆಂದು ನೆಟ್ಟಗೆ ಕೆಳಕ್ಕೆ ಎರಗಿದಾಗ X 90 ಡಿಗ್ರಿಯಾಗುತ್ತದೆ. ಆಗ ಕೊಕ್ಕಿನಿಂದ ಬಾಲದವರೆಗಿನ ಅಕ್ಷವು Y ಅಕ್ಷದ ಜೊತೆಗೇ ಲಂಬವಾಗಿ ನಿಲ್ಲುತ್ತದೆ. (90, 30, 0) ಎಂದು ಬರೆದರೂ (90, 0, -30) ಎಂದು ಬರೆದರೂ ನಿಲುವು ಒಂದೇ. ಎರಡು ಕೋನಗಳು ಒಂದೇ ಕೆಲಸವನ್ನು ಮಾಡುವುದರಿಂದ ಮೂರನೆಯ ಬಗೆಯ ತಿರುವು ಕೈತಪ್ಪುತ್ತದೆ. ಇದೇ ಗಿಂಬಲ್ ಲಾಕ್. ಹೆಸರಿನಲ್ಲಿ ಬೀಗವಿದ್ದರೂ ಹದ್ದು ನಿಂತುಬಿಡುವುದಿಲ್ಲ; ಆ ನಿಲುವಿನ ಸಮೀಪ ಅದು ಹಠಾತ್ತನೆ ಗಿರಕಿ ಹೊಡೆಯುವುದೇ ದೋಷದ ಗುರುತು.

1843ರಲ್ಲಿ ಡಬ್ಲಿನ್ನಿನ ಹ್ಯಾಮಿಲ್ಟನ್ ಕಂಡುಕೊಂಡ ಕ್ವಾಟರ್ನಿಯನ್ನಿಗೆ ಸರದಿಯ ಹಂಗಿಲ್ಲ. ಯಾವ ನಿಲುವನ್ನಾದರೂ ಒಂದು ಅಕ್ಷದ ಸುತ್ತಲಿನ ಒಂದೇ ತಿರುವಾಗಿ, ಅರ್ಧಕೋನದ ಸೈನ್ ಮತ್ತು ಕೊಸೈನ್‌ಗಳಿಂದ ಪಡೆದ ನಾಲ್ಕು ಸಂಖ್ಯೆಗಳಲ್ಲಿ ಅದು ಹಿಡಿದಿಡುತ್ತದೆ. X ಸುತ್ತ 90 ಡಿಗ್ರಿಯ ತಿರುವೆಂದರೆ (0.707, 0, 0, 0.707). ಎರಡು ನಿಲುವುಗಳ ನಡುವಣ ಚಲನೆಗೆ ಒಂದೇ ಸಾಲು ಸಾಕು:

```csharp
transform.rotation = Quaternion.Slerp(a, b, t);
```

ಆದರೆ ಈ ಸಾಲು ಹತ್ತಿರದ ದಾರಿಯನ್ನೇ ಹಿಡಿಯುತ್ತದೆ. 360 ಡಿಗ್ರಿಯ ಪೂರ್ಣ ಸುತ್ತನ್ನು ಕೇಳಿದರೆ ಆರಂಭ ಮತ್ತು ಅಂತ್ಯಗಳು ಒಂದೇ ಆಗಿ, ಹದ್ದು ಅಲುಗುವುದೇ ಇಲ್ಲ. ಅಂಥ ಸುತ್ತನ್ನು 120 ಡಿಗ್ರಿಯ ಮೂರು ತುಂಡುಗಳಾಗಿ ಒಡೆಯಬೇಕಾಗುತ್ತದೆ.